ಕೆಲಸದ ಅರ್ಜಿಯ ಇಮೇಲ್ ಕನ್ನಡದಲ್ಲಿ: ‘ಪ್ರೀತಿಯ ಸರ್’ ಸರಿಯಾ? ಕೊನೆಗೆ ಏನು ಬರೆಯಬೇಕು?

ಸಾಗರದ ಬಿಕಾಂ:
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಒಂದು ಸೌಹಾರ್ದ ಸಹಕಾರಿಯವರು ಲೆಕ್ಕ ಸಹಾಯಕರು ಬೇಕು ಅಂತ ಪೇಪರ್‌ನಲ್ಲಿ ಜಾಹೀರಾತು ಕೊಟ್ಟಿದ್ದಾರೆ. ಅರ್ಜಿಯನ್ನು ಕನ್ನಡದಲ್ಲೇ ಬರೆದು ಇಮೇಲ್ ಮಾಡಿ ಅಂದಿದ್ದಾರೆ. ನಾನು ಕಳಿಸಿದ ಮೇಲೆ ಅಲ್ಲಿಂದ ಫೋನ್ ಬಂತು. ‘ಅಕ್ಷರ ಒಂದೂ ಓದೋಕೆ ಬರ್ತಿಲ್ಲ, ಇನ್ನೊಂದು ಸಲ ಕಳಿಸಿ’ ಅಂದರು. ಮತ್ತೆ ಕಳಿಸುವ ಮೊದಲು ಅಣ್ಣನಿಗೆ ತೋರಿಸಿದೆ. ‘ಇದು ಸ್ಕೂಲ್ ರಜಾ ಚೀಟಿ ಥರ ಇದೆ’ ಅಂದ. ಬರೆದದ್ದು ಹೀಗಿದೆ:

> ಪ್ರೀತಿಯ ಸರ್,
> ನಾನು ನಿಮ್ಮ ಸಂಘದಲ್ಲಿ ಲೆಕ್ಕ ಸಹಾಯಕರ ಹುದ್ದೆಗೆ ಅರ್ಜಿ ಸಲ್ಲಿಸಲು ಈ ಮೇಲ್ ಬರೆಯುತ್ತಿದ್ದೇನೆ. ನಾನು ಬಿ.ಕಾಂ. ಮುಗಿಸಿದ್ದು, ಎರಡು ವರ್ಷ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದೆನು. ಗಿರಣಿಯ ಮಾಲೀಕರು ತಮ್ಮ ಸಂಘದ ಬಗ್ಗೆ ತಿಳಿಸಿದರು. ತಾವು ದಯಮಾಡಿ ಈ ಕೆಲಸ ಕೊಡಬೇಕೆಂದು ನಿಮ್ಮಲ್ಲಿ ಪ್ರಾರ್ಥಿಸುತ್ತೇನೆ. ನಿಮ್ಮ ಉತ್ತರಕ್ಕಾಗಿ ಮುಂದೆ ನೋಡುತ್ತಿದ್ದೇನೆ.
> ಇಂತಿ ನಿಮ್ಮ ವಿಧೇಯಳಾದ,

ಎಲ್ಲೆಲ್ಲಿ ತಪ್ಪಿದೆ, ಹೇಳ್ತೀರಾ?

ಕರಾವಳಿ ಟೈಪಿಸ್ಟ್:
ಅಕ್ಷರದ ತೊಂದರೆ ಮೊದಲು ನೋಡೋಣ. ನುಡಿಯಲ್ಲಿ ಟೈಪ್ ಮಾಡಿ ಮೇಲ್‌ಗೆ ಪೇಸ್ಟ್ ಮಾಡಿದ್ರಾ? ಅವರಿಗೆ ಹೀಗೆ ಕಂಡಿರಬೇಕು:

```
ªÀiÁ£ÀågÉÃ
```

ಉದಾಹರಣೆಗೆ ಹಾಕಿದ ಈ ಪದ ‘ಮಾನ್ಯರೇ’. ಹಳೆಯ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತವೆ. ಆ ಫಾಂಟ್ ಇಲ್ಲದ ಕಡೆ ಹೀಗೇ ಕಾಣುತ್ತದೆ. ಬರೆದದ್ದನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಇಲ್ಲವೇ ಮೊಬೈಲ್ ಕೀಬೋರ್ಡ್‌ನಲ್ಲೇ ಹೊಸದಾಗಿ ಟೈಪ್ ಮಾಡಿ. ಕಳಿಸುವ ಮೊದಲು ನಿಮ್ಮ ಅಣ್ಣನ ಫೋನಿಗೆ ಮೇಲ್ ಮಾಡಿ ನೋಡಿ. ಅಲ್ಲಿ ಓದೋಕೆ ಬಂದರೆ ಅವರಿಗೂ ಬರುತ್ತದೆ.

ಸಂಬೋಧನೆಗೆ ‘ಗೌರವಾನ್ವಿತ ಸರ್’ ಹಾಕಿ. ‘ಮಾನ್ಯರೇ’ ಸರ್ಕಾರಿ ಕಚೇರಿಗೆ ಮಾತ್ರ. ಇಮೇಲ್ ಆದ್ದರಿಂದ ‘ಇಂದ’, ‘ಗೆ’ ಎರಡೂ ಬೇಡ.

ಹಾವೇರಿ ಮೇಷ್ಟ್ರು:
ರಜಾ ಅರ್ಜಿಗೆ ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ’ ಅಂತಲೇ ಬರೆಯೋದು, ಅದರಲ್ಲಿ ತಪ್ಪಿಲ್ಲ. ನಮ್ಮ ಶಾಲೆಯಲ್ಲಿ ಈಗಲೂ ಹಾಗೇ ಕಲಿಸುತ್ತೇವೆ.

ಸಾಗರದ ಬಿಕಾಂ:
ಸರ್, ಇದು ಕೆಲಸದ ಅರ್ಜಿ, ರಜಾ ಅರ್ಜಿ ಅಲ್ಲ. ಟೈಪಿಸ್ಟ್ ಅವರು ಹೇಳಿದ್ದು ನಿಜ, ನುಡಿಯಿಂದಲೇ ಪೇಸ್ಟ್ ಮಾಡಿದ್ದೆ.

ಟಪಾಲು ಗುಮಾಸ್ತ:
ನೋಡಮ್ಮ, ನಾನು ಒಂದು ಸಹಕಾರ ಸಂಘದಲ್ಲಿ ಇಪ್ಪತ್ತು ವರ್ಷ ಟಪಾಲು ತೆರೆದವನು. ಇಂಥ ಅರ್ಜಿ ಬಂದರೆ ಏನಾಗುತ್ತದೆ ಅಂತ ಹೇಳ್ತೀನಿ. ಮೇಲ್ ಬಂದರೂ ಅದನ್ನು ಪ್ರಿಂಟ್ ತೆಗೆದು, ಟಪಾಲು ರಿಜಿಸ್ಟರ್‌ನಲ್ಲಿ ನಂಬರ್ ಹಾಕಿ, ಫೈಲ್‌ಗೆ ಸೇರಿಸಿ ಮೇಲಿನವರ ಮುಂದೆ ಇಡುತ್ತಿದ್ದೆವು. ಹಾಗಾಗಿ ಕಾಗದವಾಗಿ ನೋಡಿದಾಗಲೂ ಯಾರಿಗೆ, ಯಾತಕ್ಕೆ ಅಂತ ತಿಳಿಯಬೇಕು. ‘ಇಂದ’ ಬೇಡ ಅನ್ನೋದು ಸರಿ. ಹೆಸರು, ವಿಳಾಸ, ಮೊಬೈಲ್ ಕೆಳಗೆ ಸಹಿಯ ಜಾಗದಲ್ಲಿ ಬಂದರೆ ಸಾಕು. ಆದರೆ ‘ಇವರಿಗೆ’ ಇರಲಿ. ಜಾಹೀರಾತಿನ ಕೊನೆಗೆ ಯಾವ ಹುದ್ದೆಯವರ ಸಹಿ ಇದೆಯೋ ಅದನ್ನೇ ಬರೆಯಿರಿ. ಸೌಹಾರ್ದ ಸಹಕಾರಿ ಆದರೆ ಸಾಮಾನ್ಯವಾಗಿ ‘ಮುಖ್ಯ ಕಾರ್ಯನಿರ್ವಾಹಕರು’ ಅಂತ ಇರುತ್ತದೆ.

‘ಮಾನ್ಯರೇ’ ಸರ್ಕಾರಕ್ಕೆ ಮಾತ್ರ ಅನ್ನೋದು ಸರಿಯಲ್ಲ. ಖಾಸಗಿ ಕಚೇರಿಗೂ ನಡೆಯುತ್ತದೆ. ಓದುವವರು ಗಂಡಸೋ ಹೆಂಗಸೋ, ಒಬ್ಬರೋ ಮೂವರೋ, ಎಲ್ಲರಿಗೂ ಆ ಒಂದೇ ಪದ ಹೊಂದುತ್ತದೆ. ‘ಸರ್’ ಅಂತ ಬರೆದು ಓದುವವರು ಮೇಡಂ ಆಗಿದ್ದರೆ ಮೊದಲ ಸಾಲಿನಲ್ಲೇ ಎಡವಿದ ಹಾಗೆ. ‘ಪ್ರೀತಿಯ’ ಅನ್ನೋದು ಸ್ನೇಹಿತರಿಗೆ, ಮನೆಯವರಿಗೆ. ಇಂಗ್ಲಿಷ್‌ನ ‘ಡಿಯರ್’ ನೋಡಿ ಬರೆದಿದ್ದೀರಿ ಅಲ್ವಾ? ಇಂಗ್ಲಿಷ್‌ನಲ್ಲಿ ಅದು ಬರೀ ರೂಢಿ, ಕನ್ನಡದಲ್ಲಿ ಸಲುಗೆ ಆಗುತ್ತದೆ. ‘ಮುಂದೆ ನೋಡುತ್ತಿದ್ದೇನೆ’ ಕೂಡ ಅಲ್ಲಿಂದಲೇ ಬಂದದ್ದು. ಆ ಸಾಲೇ ಬೇಡ.

ಇನ್ನು ‘ತಾವು’. ನೀವು ‘ನಿಮ್ಮ ಸಂಘ’ ಅಂತ ಶುರು ಮಾಡಿ, ‘ತಾವು’ ಅಂದು, ಮತ್ತೆ ‘ನಿಮ್ಮಲ್ಲಿ’ಗೆ ಬಂದಿದ್ದೀರಿ. ಯಾವುದಾದರೂ ಒಂದನ್ನು ಹಿಡಿಯಿರಿ. ಅರ್ಜಿಗೆ ‘ತಾವು, ತಮ್ಮ’ ಒಪ್ಪುತ್ತದೆ, ಆದರೆ ಅದರಲ್ಲಿ ಒಂದು ತೊಡಕಿದೆ. ‘ಗಿರಣಿಯ ಮಾಲೀಕರು ತಮ್ಮ ಸಂಘದ ಬಗ್ಗೆ ತಿಳಿಸಿದರು’ ಅಂತ ಬರೆದಿದ್ದೀರಿ. ಓದಿದರೆ ಸಂಘ ಮಾಲೀಕರದ್ದೇ ಅನ್ನಿಸುತ್ತದೆ. ವಾಕ್ಯದಲ್ಲಿ ಇನ್ನೊಬ್ಬರು ಕರ್ತೃವಾಗಿ ಬಂದರೆ ‘ತಮ್ಮ’ ಅವರ ಕಡೆಗೇ ಹೋಗುತ್ತದೆ. ಅಂಥ ಕಡೆ ಸಂಘದ ಹೆಸರನ್ನೇ ಬರೆಯಬೇಕು. ನಿಮಗೆ ಆ ಸಾಲೇ ಬೇಕಿಲ್ಲ. ಕೆಲಸದ ಸುದ್ದಿ ಜಾಹೀರಾತಿನಿಂದ ತಿಳಿಯಿತು, ಅದನ್ನು ‘ಉಲ್ಲೇಖ’ದಲ್ಲಿ ಹಾಕಿ.

‘ಪ್ರಾರ್ಥಿಸುತ್ತೇನೆ’ ಬೇಡ, ‘ಕೋರುತ್ತೇನೆ’ ಸಾಕು. ಕೇಳುವುದು ಕೆಲಸವನ್ನಲ್ಲ, ಸಂದರ್ಶನಕ್ಕೆ ಅವಕಾಶವನ್ನು. ಹೀಗೆ ಬರೆದು ನೋಡಿ:

> ಇವರಿಗೆ,
> ಮುಖ್ಯ ಕಾರ್ಯನಿರ್ವಾಹಕರು,
> (ಸಂಘದ ಹೆಸರು), ಸಾಗರ
>
> ಮಾನ್ಯರೇ,
>
> ವಿಷಯ: ಲೆಕ್ಕ ಸಹಾಯಕರ ಹುದ್ದೆಗೆ ಅರ್ಜಿ
> ಉಲ್ಲೇಖ: (ಪತ್ರಿಕೆಯ ಹೆಸರು, ದಿನಾಂಕ) ಜಾಹೀರಾತು
>
> ಉಲ್ಲೇಖಿತ ಜಾಹೀರಾತಿನಂತೆ ಈ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ನಾನು ಬಿ.ಕಾಂ. ಪದವೀಧರೆ. ಎರಡು ವರ್ಷ ಅಕ್ಕಿ ಗಿರಣಿಯೊಂದರಲ್ಲಿ ಟ್ಯಾಲಿಯಲ್ಲಿ ದಿನವಹಿ ಲೆಕ್ಕ ಬರೆದ ಅನುಭವವಿದೆ.
> ಸ್ವವಿವರ ಮತ್ತು ಅಂಕಪಟ್ಟಿಗಳನ್ನು ಲಗತ್ತಿಸಿದ್ದೇನೆ. ಸಂದರ್ಶನಕ್ಕೆ ಅವಕಾಶ ನೀಡಬೇಕೆಂದು ತಮ್ಮಲ್ಲಿ ಕೋರುತ್ತೇನೆ.
>
> ವಂದನೆಗಳೊಂದಿಗೆ,
> ತಮ್ಮ ವಿಶ್ವಾಸಿ,
> (ಹೆಸರು, ವಿಳಾಸ, ಮೊಬೈಲ್)

ಟ್ಯಾಲಿ ನಿಮಗೆ ಬರುತ್ತದೆ ಅಂದುಕೊಂಡು ಬರೆದೆ. ಬರದಿದ್ದರೆ ತೆಗೆಯಿರಿ. ಮೇಲ್‌ನ ಸಬ್ಜೆಕ್ಟ್ ಜಾಗದಲ್ಲೂ ‘ವಿಷಯ’ದ ಸಾಲನ್ನೇ ಹಾಕಿ, ಪಕ್ಕದಲ್ಲಿ ಹೆಸರು ಸೇರಿಸಿ.

ಹಾವೇರಿ ಮೇಷ್ಟ್ರು:
ಅವಸರದಲ್ಲಿ ಓದಿದೆ, ತಪ್ಪಾಯಿತು. ಆದರೂ ಒಂದು ಮಾತು. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ’ ಅಂತ ಶುರು ಮಾಡಬೇಕಲ್ಲವೇ? ‘ವಿಧೇಯ’ ಬಿಟ್ಟರೆ ಹಿರಿಯರಿಗೆ ಬೇಸರ ಆಗಬಹುದು.

ಟಪಾಲು ಗುಮಾಸ್ತ:
ಮೇಷ್ಟ್ರೇ, ‘ಏನೆಂದರೆ’ ತಪ್ಪಲ್ಲ. ಆದರೆ ಹಾಗೆ ಶುರು ಮಾಡಿದವರು ಓದು, ಅನುಭವ, ಕೋರಿಕೆ ಎಲ್ಲವನ್ನೂ ಅದೇ ವಾಕ್ಯಕ್ಕೆ ಪೋಣಿಸುತ್ತಾ ಹೋಗುತ್ತಾರೆ. ಹತ್ತು ಸಾಲಾದರೂ ಪೂರ್ಣವಿರಾಮ ಸಿಗಲ್ಲ. ಅಂಥ ಅರ್ಜಿಯಲ್ಲಿ ಬಿ.ಕಾಂ. ಎಲ್ಲಿದೆ ಅಂತ ನಾನು ಬೆರಳಿಟ್ಟು ಹುಡುಕಿದ್ದೇನೆ. ‘ವಿಧೇಯ’ ಅನ್ನೋದು ಅಧೀನದಲ್ಲಿ ಇರುವವರ ಮಾತು, ಈಕೆ ಇನ್ನೂ ಅಲ್ಲಿ ಸೇರಿಲ್ಲ.

ಹಾವೇರಿ ಮೇಷ್ಟ್ರು:
ನಾನು ಒಪ್ಪಲ್ಲ. ಅದು ವಿನಯದ ಮಾತು. ನಮ್ಮ ಕಡೆ ಆಡಳಿತ ಮಂಡಳಿಗೆ ಈಗಲೂ ಹಾಗೇ ಬರೆಯುತ್ತಾರೆ.

ಕರಾವಳಿ ಟೈಪಿಸ್ಟ್:
‘ಮಾನ್ಯರೇ’ ವಿಚಾರ ತಿದ್ದಿಕೊಂಡೆ. ನಮ್ಮ ಅಂಗಡಿಯಲ್ಲಿ ‘ಇಂತಿ’ ಮತ್ತು ‘ವಂದನೆಗಳೊಂದಿಗೆ’ ಎರಡನ್ನೂ ಒಂದರ ಕೆಳಗೆ ಒಂದು ಹಾಕಿಸುತ್ತಾರೆ. ಒಂದು ಸಾಕಲ್ವಾ?

ಟಪಾಲು ಗುಮಾಸ್ತ:
ಒಂದೇ ಸಾಕು.

ಸಾಗರದ ಬಿಕಾಂ:
ಟ್ಯಾಲಿ ಬರುತ್ತದೆ ಸರ್. ಮೊಬೈಲ್‌ನಲ್ಲೇ ಟೈಪ್ ಮಾಡಿ ಅಣ್ಣನಿಗೆ ಕಳಿಸಿ ನೋಡಿದೆ, ಅಕ್ಷರ ಸರಿಯಾಗಿ ಬಂತು. ಈಗಷ್ಟೇ ಸಂಘಕ್ಕೂ ಕಳಿಸಿದೆ. ಸ್ವವಿವರದ ವರ್ಡ್ ಫೈಲ್ ನುಡಿಯಲ್ಲೇ ಇತ್ತು, ಅದನ್ನು ಪಿಡಿಎಫ್ ಮಾಡಿ ಹಾಕಿದೆ. ಅದು ಅವರಿಗೆ ಓದೋಕೆ ಬರುತ್ತಾ?

ಕರಾವಳಿ ಟೈಪಿಸ್ಟ್:
ಪಿಡಿಎಫ್ ಮಾಡುವಾಗ ಫಾಂಟ್ ಅದರ ಒಳಗೇ ಸೇರಿಕೊಂಡಿದ್ದರೆ ಚೆನ್ನಾಗಿಯೇ ಕಾಣುತ್ತದೆ. ಅದನ್ನೂ ಅಣ್ಣನ ಫೋನ್‌ನಲ್ಲಿ ತೆರೆದು ನೋಡಿ. ಕೆಟ್ಟಿದ್ದರೆ ಇವತ್ತೇ ಇನ್ನೊಂದು ಕಳಿಸಿ, ‘ಸ್ವವಿವರದ ಸರಿಯಾದ ಪ್ರತಿ ಲಗತ್ತಿಸಿದ್ದೇನೆ’ ಅಂತ ಒಂದು ಸಾಲು ಬರೆಯಿರಿ.

ಟಪಾಲು ಗುಮಾಸ್ತ:
ಆ ಒಂದು ಸಾಲಿನ ಮೇಲೂ ‘ಮಾನ್ಯರೇ’ ಇರಲಿ.