ಆಡಿಯೋ ಅಳಿಸಿದೆ, ಫಾರ್ಮ್ ಖಾಲಿ ಮಾಡಿದೆ, ಆದರೂ ಎಲ್ಲ ಇಲ್ಲೇ ಇದೆ!

ಸಂಜೆಮಲ್ಲಿಗೆ
ನಮ್ಮ ಪ್ರಾಜೆಕ್ಟ್ ಮುಗಿದು ಐದು ತಿಂಗಳಾಯ್ತು. ಆರು ತಿಂಗಳೊಳಗೆ ಆಡಿಯೋ ಅಳಿಸುತ್ತೇವೆ, ಸಂದರ್ಶನದ ಮಾತನ್ನು ಅಕ್ಷರಕ್ಕಿಳಿಸಿದ, ಹೆಸರು ತೆಗೆದ ಬರಹವನ್ನು 5 ವರ್ಷ ಇಡುತ್ತೇವೆ ಎಂದು ಒಪ್ಪಿಗೆ ಪತ್ರದಲ್ಲಿ ಬರೆದಿದ್ದೆವು. ಸರ್ವೆಗೆ ಬಂದ ಉತ್ತರ ಉಳಿಸಿಕೊಳ್ಳಬಹುದು, ಇಮೇಲ್ ಮಾತ್ರ ಇರಬಾರದು. 24 ಸಂದರ್ಶನ, ಗೂಗಲ್ ಫಾರ್ಮ್‌ನಲ್ಲಿ 212 ಉತ್ತರ.

ನಿನ್ನೆ ಡ್ರೈವ್‌ನಲ್ಲಿದ್ದ ಆಡಿಯೋ ಫೋಲ್ಡರ್ ಅಳಿಸಿದೆ. ಫಾರ್ಮ್‌ನಲ್ಲಿ `Delete all responses` ಒತ್ತಿದೆ. ಇವತ್ತು ಆ ಫಾರ್ಮ್‌ನ ಉತ್ತರ ಬಂದು ಸೇರೋ ಗೂಗಲ್ ಶೀಟ್ ತೆರೆದರೆ 212 ಸಾಲೂ ಹಾಗೇ ಇವೆ, ಇಮೇಲ್ ಸಮೇತ. ಆ ಕಾಲಂ ಅಳಿಸಿದರೆ ಸಾಕಾ? ಭಾಗವಹಿಸಿದವರ ಹೆಸರು, ನಂಬರ್ ಇರೋ ಪಟ್ಟಿ ಒಂದಿದೆ, ಅದನ್ನೂ ಈಗಲೇ ತೆಗೆದುಬಿಡಲಾ?

ಗಟ್ಟಿಗ
ಸುಮ್ನೆ ಡಿಲೀಟ್ ಮಾಡಿದರೆ ಏನೂ ಹೋಗಲ್ಲ. ಲ್ಯಾಪ್‌ಟಾಪ್‌ನಲ್ಲೂ ಪ್ರತಿ ಇದ್ದರೆ `shred` ಹಾಕಿ ಮೂರು ಸಲ ಮೇಲೆ ಬರೆಯಿರಿ.

ಹಳೇಟೇಪು
ಸಂಜೆಮಲ್ಲಿಗೆಯವರೇ, ಪಟ್ಟಿ ಮುಟ್ಟಬೇಡಿ! ಅದು ಎಲ್ಲಕ್ಕಿಂತ ಕೊನೆಗೆ ಹೋಗಬೇಕು. ಯಾವ ಆಡಿಯೋ ಯಾರದು ಎಂದು ಗೊತ್ತಾಗೋದು ಅದರಿಂದಲೇ ಅಲ್ವಾ. ಮೊದಲು ಒಂದು ವಿಷಯ ಹೇಳಿ. 24 ಜನರೂ ಒಂದೇ ರೀತಿ ಟಿಕ್ ಮಾಡಿದ್ದಾರಾ? ಒಪ್ಪಿಗೆ ಪತ್ರಗಳನ್ನು ಎದುರಿಗಿಟ್ಟುಕೊಂಡು ನೋಡಿ.

ಗಟ್ಟಿಗರೇ, ತಿರುಗುವ ಡಿಸ್ಕ್ ಆದರೆ ನೀವು ಹೇಳಿದ್ದು ನಡೆಯುತ್ತದೆ, ಅದಕ್ಕೂ ಒಂದು ಸಲ ಸಾಕು. ಎಸ್‌ಎಸ್‌ಡಿ ಹಾಗಲ್ಲ. ಹೊಸದಾಗಿ ಬರೆದದ್ದನ್ನು ಅದು ಬೇರೆ ಜಾಗದಲ್ಲಿ ಇಡುತ್ತದೆ, ಹಳೆಯದು ಒಳಗೇ ಉಳಿದಿರಬಹುದು. ಡಿಸ್ಕನ್ನು ಮೊದಲಿಂದ ಎನ್‌ಕ್ರಿಪ್ಟ್ ಮಾಡಿದ್ದರೆ ಆ ಚಿಂತೆ ಇಲ್ಲ.

ಬೆಳ್ಳಿಚುಕ್ಕಿ
ನನ್ನ ಫೋನ್ ತಾನಾಗೇ ಹಳೇ ರೆಕಾರ್ಡಿಂಗ್ ಅಳಿಸಿಬಿಟ್ಟಿದೆ. ವಾಪಸ್ ತರೋದು ಹೇಗೆ?

ಗಟ್ಟಿಗ
ಬೆಳ್ಳಿಚುಕ್ಕಿ, ಇಲ್ಲಿ ಎಲ್ಲರೂ ಅಳಿಸೋಕೆ ಒದ್ದಾಡ್ತಿದ್ದೇವೆ 😀 ಬೇರೆ ಪ್ರಶ್ನೆ ಹಾಕಿ.

ಸಂಜೆಮಲ್ಲಿಗೆ
ಅಯ್ಯೋ, ಈಗ ಪತ್ರಗಳನ್ನು ತೆಗೆದು ನೋಡಿದೆ. 24ರಲ್ಲಿ 3 ಜನ "ಆಡಿಯೋವನ್ನು ಪಾಠ ಮಾಡಲು ಇಟ್ಟುಕೊಳ್ಳಬಹುದು" ಎಂದು ಟಿಕ್ ಮಾಡಿದ್ದಾರೆ. ಅದೂ ಹೋಯ್ತು! ಇನ್ನೊಬ್ಬರು, P17, ಮಧ್ಯದಲ್ಲೇ ಹಿಂದೆ ಸರಿದವರು. ಅವರದ್ದೇನೂ ಉಳಿಯಬಾರದು, ಆದರೆ ಬರಹ ಇನ್ನೂ ಫೋಲ್ಡರ್‌ನಲ್ಲಿದೆ.

ಹಳೇಟೇಪು
ಇದೇ ಅನುಮಾನ ಇತ್ತು. ಅಳಿಸೋದು ಫೋಲ್ಡರ್ ಲೆಕ್ಕದಲ್ಲಲ್ಲ, ಜನರ ಲೆಕ್ಕದಲ್ಲಿ. ಡ್ರೈವ್‌ನ ಕಸದಬುಟ್ಟಿಯಲ್ಲಿ 30 ದಿನ ಇರುತ್ತದೆ, ಫೋಲ್ಡರ್ ವಾಪಸ್ ತನ್ನಿ. P01ರಿಂದ P24ರವರೆಗೆ ಒಂದು ಹಾಳೆ ಮಾಡಿ. ಆಡಿಯೋ ಹೋಗಬೇಕಾ, ಬರಹ ಹೋಗಬೇಕಾ, ಯಾವತ್ತು ತೆಗೆದಿರಿ, ಎಲ್ಲೆಲ್ಲಿಂದ ತೆಗೆದಿರಿ, ಇಷ್ಟು ಸಾಕು. ಹೆಸರು ಬರೆಯಬೇಡಿ. ಪಟ್ಟಿ ಹೋದ ಮೇಲೂ ಈ ಹಾಳೆ ಉಳಿಯಬೇಕು. ಆಡಿಯೋ ತೆಗೆಯೋ ಮುಂಚೆ ಅದನ್ನು ಒಂದು ಸಲ ಕೇಳಿ ಬರಹದ ಜೊತೆ ಹೋಲಿಸಿ, ಆಮೇಲೆ ಆಗಲ್ಲ.

ಶೀಟ್ ವಿಷಯ: ಫಾರ್ಮ್ ಬೇರೆ, ಶೀಟ್ ಬೇರೆ. ಒಂದರಲ್ಲಿ ಅಳಿಸಿದರೆ ಇನ್ನೊಂದರಲ್ಲಿ ಹೋಗಲ್ಲ. ಇಮೇಲ್ ಕಾಲಂ ಅಳಿಸಿದರೂ `Version history` ತೆರೆದರೆ ಹಳೇ ರೂಪ ಸಿಕ್ಕಿಬಿಡುತ್ತದೆ. ಆ ಕಾಲಂ ತೆಗೆದು ಸಿಎಸ್‌ವಿ ಇಳಿಸಿಕೊಳ್ಳಿ. ತೆರೆದು 212 ಸಾಲು ಎಣಿಸಿ. "ಬೇರೆ ಏನಾದರೂ" ಅಂತ ಕೇಳಿರೋ ಖಾನೆಯನ್ನೂ ಓದಿ, ಜನ ಅಲ್ಲೇ ಫೋನ್ ನಂಬರ್ ಬರೆದಿರುತ್ತಾರೆ. ಆಮೇಲೆ ಮೂಲ ಶೀಟನ್ನೇ ಅಳಿಸಿ, ಕಸದಬುಟ್ಟಿಯೂ ಖಾಲಿ ಮಾಡಿ.

ಎಣಿಕೆಗಾರ
ನನಗೆ ಏಟು ಬಿದ್ದದ್ದು ಆಡಾಸಿಟಿಯಿಂದ. ಎಂಪಿ3, ಡಬ್ಲ್ಯುಎವಿ ಎಲ್ಲ ತೆಗೆದಿದ್ದೆ. ಸದ್ದು ತಗ್ಗಿಸಲು ಮಾಡಿದ `.aup3` ಫೈಲ್‌ಗಳ ಹೊಟ್ಟೆಯಲ್ಲಿ ಪೂರ್ತಿ ಸಂದರ್ಶನ ಕೂತಿತ್ತು! ಲಿನಕ್ಸ್‌ನಲ್ಲಿ ಹೀಗೆ ಹುಡುಕಿದೆ:

```
find ~ -type f \( -iname "*.m4a" -o -iname "*.mp3" \
  -o -iname "*.wav" -o -iname "*.aup3" \) -size +1M
```

ಇದು ಹುಡುಕುತ್ತದೆ ಅಷ್ಟೇ, ಅಳಿಸಲ್ಲ. ನನಗೆ 9 ಸಂದರ್ಶನಕ್ಕೆ 31 ಫೈಲ್ ಸಿಕ್ಕವು.

ಸಂಜೆಮಲ್ಲಿಗೆ
ಫೋಲ್ಡರ್ ವಾಪಸ್ ಬಂತು. ಮೂವರ ಆಡಿಯೋ ಬೇರೆ ಇಟ್ಟೆ, P17ರ ಬರಹ, ಆಡಿಯೋ ಎರಡೂ ತೆಗೆದೆ. ಅವರ ಎರಡು ಸಾಲು ನಮ್ಮ ಕರಡು ವರದಿಯಲ್ಲೂ ಇದ್ದವು, ತೆಗೆಸಿದೆ. ಜೊತೆಯವರು ಶೀಟ್‌ನ ಪ್ರತಿಯನ್ನು ತಮ್ಮ ಖಾತೆಯಲ್ಲಿ ಮಾಡಿಕೊಂಡಿದ್ದರಂತೆ, ಅದನ್ನು ಅವರೇ ಅಳಿಸಬೇಕು. ಆದರೆ ಸಂಸ್ಥೆಯ ಸರ್ವರ್ ಬ್ಯಾಕಪ್‌ನಲ್ಲೂ ಆಡಿಯೋ ಇದೆ. ಒಂದೊಂದೇ ಫೈಲ್ ತೆಗೆಯೋಕೆ ಆಗಲ್ಲ ಅಂತಾರೆ.

ಹಳೇಟೇಪು
ಆ ಬ್ಯಾಕಪ್ ಎಷ್ಟು ದಿನಕ್ಕೆ ತಾನಾಗಿ ಅಳಿಯುತ್ತೆ ಕೇಳಿ, ಬರಹದಲ್ಲಿ ತಗೊಳ್ಳಿ. ಆರು ತಿಂಗಳಿಗೆ ಮುಂಚೆ ಅಂದರೆ ಹಾಳೆಯಲ್ಲಿ ಆ ದಿನ ಬರೆದಿಡಿ. ಆಮೇಲೆ ಅಂದರೆ ಕೊಟ್ಟ ಮಾತು ತಪ್ಪಿದಂತೆ. ಆಗ ನೈತಿಕ ಸಮಿತಿಗೆ ತಿಳಿಸದೆ ಬೇರೆ ದಾರಿ ನನಗಂತೂ ಕಾಣಲ್ಲ.

ಗಟ್ಟಿಗ
ಅಷ್ಟಕ್ಕೆಲ್ಲ ಸಮಿತಿಗಾ? ಬ್ಯಾಕಪ್ ಯಾರು ತೆಗೆದು ಕೇಳ್ತಾರೆ ಸರ್.

ಸಂಜೆಮಲ್ಲಿಗೆ
ಕೇಳಿದೆ. 90 ದಿನವಂತೆ. ನಮಗೆ ಉಳಿದಿರೋದು 26. ಸಮಿತಿಗೆ ಪತ್ರ ಬರೀತಿದ್ದೇನೆ.