ಜೀಪಿನ ಅನೌನ್ಸ್‌ಮೆಂಟಿಗೆ ಷರತ್ತುಗಳನ್ನು ಏಳು ಸೆಕೆಂಡಿನಲ್ಲಿ ಹೇಳುವುದು ಹೇಗೆ?

ಬದಿಯಡ್ಕದಿಂದ ಕೇಳಿದವರು: ಚಿನ್ನದ ಅಂಗಡಿಯೊಂದರ ಆಫರಿಗೆ ಕನ್ನಡದಲ್ಲಿ ವಾಯ್ಸ್ ಕೊಡುತ್ತಿದ್ದೇನೆ. ಮೇಕಿಂಗ್ ಚಾರ್ಜಿನಲ್ಲಿ 50% ವರೆಗೆ ಕಡಿತ. ಷರತ್ತಿಗೆ ಉಳಿದಿರುವುದು ಏಳೇ ಸೆಕೆಂಡು. ಕೊಟ್ಟ ಕಾಗದದಲ್ಲಿ ಹೀಗಿದೆ: "ಈ ಕೊಡುಗೆಯು ಆಯ್ದ ಆಭರಣಗಳಿಗೆ ಮಾತ್ರ ಅನ್ವಯಿಸುತ್ತದೆ. ಕನಿಷ್ಠ 20 ಗ್ರಾಂ ಖರೀದಿ ಕಡ್ಡಾಯ. ನಾಣ್ಯ ಮತ್ತು ಗಟ್ಟಿಗಳಿಗೆ ಅನ್ವಯಿಸುವುದಿಲ್ಲ. ಇತರ ಯಾವುದೇ ಕೊಡುಗೆಯೊಂದಿಗೆ ಸೇರಿಸಲಾಗದು. 18ನೇ ತಾರೀಕಿನವರೆಗೆ. ನಿಬಂಧನೆ ಬದಲಾಯಿಸುವ ಹಕ್ಕು ಆಡಳಿತದ್ದು." ಅರ್ಥ ಕೆಡದ ಹಾಗೆ ಚಿಕ್ಕದು ಮಾಡಿದವರು ಯಾರಾದರೂ ಇದ್ದೀರಾ?

ಉಪ್ಪಳದ ಸ್ಟುಡಿಯೋದವರು: ನಾವು ಪೂರ್ತಿ ಓದಿಸಿ, ಎಡಿಟ್ ಮಾಡುವಾಗ ಸ್ಪೀಡ್ ಜಾಸ್ತಿ ಮಾಡುತ್ತೇವೆ. ಒಂದು ಮಾತೂ ಬಿಟ್ಟುಹೋಗುವುದಿಲ್ಲ. ಅಷ್ಟೂ ಆಗದಿದ್ದರೆ "ಷರತ್ತುಗಳು ಅನ್ವಯ" ಅಂತ ಹೇಳಿ ಮುಗಿಸಿ.

ಕುಂಬಳೆಯ ಅನೌನ್ಸರ್: ಸ್ಪೀಡ್ ಬೇಡ ಅಣ್ಣ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಜಾಹೀರಾತು ಮಾರ್ಗಸೂಚಿಯಲ್ಲಿ ಇದರ ಮಾತಿದೆ. ಆಫರನ್ನು ಯಾವ ಭಾಷೆಯಲ್ಲಿ ಹೇಳುತ್ತೀರೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಧ್ವನಿಯಲ್ಲಿ ಆಫರ್ ಹೇಳಿದರೆ ಷರತ್ತೂ ಅದೇ ವೇಗದಲ್ಲಿ ಬರಬೇಕು. ನಮ್ಮಲ್ಲಿ ಒಂದೇ ಗಾಡಿಯಲ್ಲಿ ಮಲಯಾಳ, ಕನ್ನಡ ಎರಡೂ ಓಡುತ್ತದೆ, ಷರತ್ತು ಮಾತ್ರ ಮಲಯಾಳದಲ್ಲಿ. ಇದು ಸರಿಯಲ್ಲ.

ನಾನು ಮಾಡುವ ಕ್ರಮ ಹೇಳುತ್ತೇನೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವ ಜೀಪು ಏಳು ಸೆಕೆಂಡಿನಲ್ಲಿ ಸುಮಾರು 40 ಮೀಟರ್ ದಾಟುತ್ತದೆ. ರಸ್ತೆ ಬದಿಯಲ್ಲಿ ನಿಂತವರಿಗೆ ಒಮ್ಮೆ ಮಾತ್ರ ಕೇಳುವುದು. ಅದಕ್ಕೆ ನಾನು ಸೆಕೆಂಡಿಗೆ ಐದು ಅಕ್ಷರ ಲೆಕ್ಕ ಹಿಡಿಯುತ್ತೇನೆ. ಕನ್ನಡದಲ್ಲಿ ಪದ ಎಣಿಸಿದರೆ ಮೋಸ ಹೋಗುತ್ತೇವೆ. "ಅನ್ವಯಿಸುವುದಿಲ್ಲ" ಒಂದೇ ಪದ, ಆದರೆ ಏಳು ಅಕ್ಷರ. ಅಂದರೆ ಒಂದೂವರೆ ಸೆಕೆಂಡು ಹೋಯಿತು. ಅದಕ್ಕಿಂತ ದೊಡ್ಡ ಅಪಾಯ ಅದರ ಬಾಲದಲ್ಲಿದೆ. ಕೊನೆಯ "ಇಲ್ಲ" ಹೇಳುವಾಗ ಬಸ್ಸಿನ ಹಾರ್ನ್ ಬಿತ್ತು ಅಂದುಕೊಳ್ಳಿ. ನಾಣ್ಯಕ್ಕೂ ಆಫರ್ ಇದೆ ಅಂತ ಕೇಳಿಸುತ್ತದೆ! ಹಾಗಾಗಿ ಯಾವುದಕ್ಕೆ ಇಲ್ಲ ಅನ್ನುವ ಬದಲು ಯಾವುದಕ್ಕೆ ಇದೆ ಅಂತ ಹೇಳಿ. "ಒಡವೆಗೆ ಮಾತ್ರ" ಅಂದರೆ ನಾಣ್ಯ, ಗಟ್ಟಿ ಎರಡೂ ಹೊರಗೆ ಹೋದವು, ಅಲ್ವಾ?

ನನ್ನ ಸಾಲು: "ಇಪ್ಪತ್ತು ಗ್ರಾಂ ಮೇಲಿನ ಒಡವೆಗೆ ಮಾತ್ರ. ಎಲ್ಲ ಡಿಸೈನಿಗೂ ಇಲ್ಲ. ಹದಿನೆಂಟರ ರಾತ್ರಿವರೆಗೆ."

ಮಂಜೇಶ್ವರದಿಂದ ಒಬ್ಬರು: ನಾನು ಮ್ಯೂಚುವಲ್ ಫಂಡ್ ಏಜೆಂಟ್. ಮಾರುಕಟ್ಟೆ ಅಪಾಯದ ಸಾಲನ್ನೂ ಹೀಗೆ ಮೊಟಕು ಮಾಡಬಹುದಾ?

ಕುಂಬಳೆಯ ಅನೌನ್ಸರ್: ಅದು ಬೇರೆ ವಿಷಯ. ಆ ಎಚ್ಚರಿಕೆಯ ಮಾತು ಸೆಬಿ ಗೊತ್ತುಮಾಡಿದ್ದು. ಅದರಲ್ಲಿ ಅಕ್ಷರವೂ ಕಡಿಮೆ ಮಾಡಬೇಡಿ. ಬೇಕಾದರೆ ಉಳಿದ ಮಾತು ಕಡಿಮೆ ಮಾಡಿ.

ಮುಳ್ಳೇರಿಯದ ಚಿನ್ನದ ಕೆಲಸದವರು: ನಮ್ಮ ಊರಿನವರಿಗೆ ಗ್ರಾಂ ಕಿವಿಗೆ ಹತ್ತುವುದಿಲ್ಲ ಮಾರಾಯ್ರೆ. ಒಂದು ಪವನ್ ಅಂದರೆ ಎಂಟು ಗ್ರಾಂ. "ಎರಡೂವರೆ ಪವನ್" ಅನ್ನಿ, ಕೂಡಲೇ ಅರ್ಥವಾಗುತ್ತದೆ.

ಇನ್ನೊಂದು ಮಾತು. "ಇಪ್ಪತ್ತು ಗ್ರಾಂ ಮೇಲಿನ" ಅನ್ನಬೇಡಿ. ನಾನು ಮೊದಲು ಕೆಲಸ ಮಾಡುತ್ತಿದ್ದ ಅಂಗಡಿಯಲ್ಲಿ ಹೀಗೇ ಆಯಿತು. ಒಬ್ಬರು ಅಮ್ಮ ಮಗಳ ಮದುವೆಗೆ ಬಳೆ ಆರಿಸಿದರು. ತಕ್ಕಡಿಯಲ್ಲಿ ಸರಿಯಾಗಿ 20.000 ಬಂತು. ಕೌಂಟರಿನವರು "ಮೇಲೆ ಅಂತ ಹೇಳಿದ್ದು, ಇದು ಮೇಲಲ್ಲ" ಅಂದರು. ಕಾಗದದಲ್ಲಿ "ಕನಿಷ್ಠ" ಅಂತ ಇತ್ತು. ಅವರಿಗೆ ಸಿಗಬೇಕಾಗಿತ್ತು. ಅವರು ಬಳೆ ಅಲ್ಲೇ ಇಟ್ಟು ಹೋದರು. ನನಗೆ ಈಗಲೂ ಅದು ಬೇಸರ.

ಕಾಸರಗೋಡಿನ ವಕೀಲರು: ಪವನ್ ಅಂತ ಮನೆಯಲ್ಲಿ ಹೇಳಲಿ, ಅನೌನ್ಸ್‌ಮೆಂಟಿನಲ್ಲಿ ಗ್ರಾಂ ಇರಲಿ. 2009ರ ಕಾನೂನು ಮಾಪನ ಕಾಯ್ದೆಯ 11ನೇ ಕಲಮಿನ ಪ್ರಕಾರ ದರ ಹೇಳುವಾಗ, ಜಾಹೀರಾತು ಕೊಡುವಾಗ ಪ್ರಮಾಣಿತ ಅಳತೆಯನ್ನೇ ಬಳಸಬೇಕು. ಬಾಯಿಮಾತಿನಲ್ಲಿ ದರ ಹೇಳುವುದಕ್ಕೂ ಅದು ತಾಗುತ್ತದೆ.

"ಎಲ್ಲ ಡಿಸೈನಿಗೂ ಇಲ್ಲ" ಅನ್ನುವುದಕ್ಕೆ ಎರಡು ಅರ್ಥ ಬರುತ್ತದೆ. ಕೆಲವಕ್ಕೆ ಇದೆ ಅಂತಲೂ ಆಗಬಹುದು, ಒಂದಕ್ಕೂ ಇಲ್ಲ ಅಂತಲೂ ಆಗಬಹುದು. ತಿದ್ದಿ. ಆಫರ್ ಹೇಳುವಾಗ "50% ವರೆಗೆ" ಎಂಬುದರಲ್ಲಿ "ವರೆಗೆ" ನುಂಗಬೇಡಿ. ನುಂಗಿದರೆ ಅಲ್ಲಿಗೇ ಅದು ಸುಳ್ಳು. ಆಮೇಲೆ ಷರತ್ತು ಹೇಳಿ ಅದನ್ನು ಸರಿ ಮಾಡಲು ಬರುವುದಿಲ್ಲ.

ಕುಂಬಳೆಯ ಅನೌನ್ಸರ್: ಎರಡೂ ಒಪ್ಪಿದೆ. ಹಾಗಾದರೆ ಹೀಗೆ: "ಕನಿಷ್ಠ ಇಪ್ಪತ್ತು ಗ್ರಾಂ. ಕೆಲವು ಡಿಸೈನಿನ ಒಡವೆಗೆ ಮಾತ್ರ. ಹದಿನೆಂಟರ ರಾತ್ರಿವರೆಗೆ." ಏಳು, ಹದಿಮೂರು, ಹತ್ತು. ಒಟ್ಟು 30 ಅಕ್ಷರ, ಆರು ಸೆಕೆಂಡು. ಉಳಿದ ಒಂದು ಸೆಕೆಂಡನ್ನು ಎರಡು ನಿಲುಗಡೆಗೆ ಕೊಡಿ. "ಈ ಭಾನುವಾರ" ಅನ್ನಬೇಡಿ, ಮುಂದಿನ ವಾರವೂ ಗಾಡಿಯವರು ಅದನ್ನೇ ಹಾಕುತ್ತಾರೆ. 20 ಗ್ರಾಂ ಅಂದರೆ ಒಂದೇ ಒಡವೆಯಾ, ಬಿಲ್ಲಿನ ಒಟ್ಟು ತೂಕವಾ ಅಂತ ಅಂಗಡಿಯವರನ್ನು ಕೇಳಿಯೇ ರೆಕಾರ್ಡ್ ಮಾಡಿ. ಕಾಗದದಲ್ಲಿ ಅದು ಇಲ್ಲ.

ಬದಿಯಡ್ಕದಿಂದ ಕೇಳಿದವರು: ಕೇಳಿದೆ, ಬಿಲ್ಲಿನ ಒಟ್ಟು ತೂಕವಂತೆ. ಬೇರೆ ಆಫರ್ ಯಾವುದೂ ಈಗ ಇಲ್ಲ, ಹಾಗಾಗಿ ಆ ಸಾಲು ಬಿಡಬಹುದು ಅಂದರು. ಆದರೆ "ಬದಲಾಯಿಸುವ ಹಕ್ಕು" ಬೇಕೇ ಬೇಕು ಅನ್ನುತ್ತಾರೆ.

ಕಾಸರಗೋಡಿನ ವಕೀಲರು: ಅದನ್ನು ಅಂಗಡಿಯ ಬೋರ್ಡಿನಲ್ಲಿ ಹಾಕಲಿ. ಹಾಗಂತ ಅದು ಇದೆ ಎಂದು 18ರ ಮೊದಲೇ ಆಫರ್ ನಿಲ್ಲಿಸಿದರೆ ತಕರಾರು ಬರುತ್ತದೆ.

ಉಪ್ಪಳದ ಸ್ಟುಡಿಯೋದವರು: ನಮ್ಮ ಗಿರಾಕಿಗಳು ಬೋರ್ಡ್ ಸಾಕು ಅಂದರೆ ಕೇಳುವುದಿಲ್ಲ. ಅಂಥವರಿಗೆ ಏನು ಹೇಳುತ್ತೀರಿ?

ಕುಂಬಳೆಯ ಅನೌನ್ಸರ್: ಇನ್ನೂ ನಾಲ್ಕು ಸೆಕೆಂಡು ಕೊಡಿ, ಹೇಳುತ್ತೇನೆ ಅನ್ನುತ್ತೇನೆ. ಕೆಲವರು ಕೊಡುತ್ತಾರೆ, ಕೆಲವರು ಬೇರೆಯವರ ಹತ್ತಿರ ಹೋಗುತ್ತಾರೆ. ಬದಿಯಡ್ಕದ ಅಕ್ಕ, "ಒಟ್ಟು ಇಪ್ಪತ್ತು ಗ್ರಾಂ" ಅಂತ ಮಾಡಿದರೆ "ಕನಿಷ್ಠ" ಬಿಡಬೇಡಿ. ಎರಡು ಅಕ್ಷರ ಜಾಸ್ತಿ ಆಗುತ್ತದೆ. ಅದಕ್ಕೆ ಆಫರಿನ ಸಾಲಿನಿಂದ ಒಂದು "ಭರ್ಜರಿ" ತೆಗೆಯಿರಿ.