ನಕ್ಷತ್ರಕ್ಕೆ ನಮ್ಮ ಮೇಷ್ಟ್ರ ಹೆಸರು ಇಡಿಸಬಹುದಾ?

ಮಂಜುಳಾ: ಸರ್, ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ವೆಂಕಟಸುಬ್ಬಯ್ಯನವರು ಹೋದ ತಿಂಗಳು ತೀರಿಕೊಂಡರು. ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಸ್ವಲ್ಪ ದುಡ್ಡು ಕೂಡಿಸಿದ್ದೀವಿ. ದುಡ್ಡು ಕಟ್ಟಿದರೆ ಒಂದು ನಕ್ಷತ್ರಕ್ಕೆ ಅವರ ಹೆಸರಿಟ್ಟು ಸರ್ಟಿಫಿಕೇಟ್ ಕೊಡ್ತೀವಿ ಅಂತ ಒಂದು ವೆಬ್‌ಸೈಟಿನವರು ಹೇಳ್ತಾರೆ. ಅದು ನಿಜವಾದ ಹೆಸರಾ? ಅಲ್ಲ ಅಂದರೆ ಕ್ಷುದ್ರಗ್ರಹಕ್ಕೋ ಚಂದ್ರನ ಕುಳಿಗೋ ಇಡಿಸೋಕೆ ಯಾರನ್ನ ಕೇಳಬೇಕು?

ಸುಧೀಂದ್ರ (ಕ್ಷುದ್ರಗ್ರಹಗಳ ಕಕ್ಷೆ ಲೆಕ್ಕ ಹಾಕುವ ವೃತ್ತಿ): ದುಡ್ಡು ಕಟ್ಟಬೇಡಿ ಮೇಡಂ. ಆ ಹೆಸರು ಅವರ ಪುಸ್ತಕದಲ್ಲಿ ಮಾತ್ರ ಇರುತ್ತದೆ. ನಾಳೆ ಇನ್ನೊಂದು ಕಂಪನಿ ಅದೇ ನಕ್ಷತ್ರವನ್ನು ಬೇರೆಯವರಿಗೆ ಮಾರಿದರೂ ಕೇಳುವವರಿಲ್ಲ. ಯಾವ ಖಗೋಳಜ್ಞರೂ ಆ ಪುಸ್ತಕ ತೆರೆದು ನೋಡುವುದಿಲ್ಲ.

ಆಕಾಶದ ಹೆಸರುಗಳಿಗೆ ಒಪ್ಪಿಗೆ ಕೊಡುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ, ಅಂದರೆ ಐಎಯು. 1919ರಲ್ಲಿ ಶುರುವಾದ ಸಂಸ್ಥೆ. ನಕ್ಷತ್ರಗಳ ಹೆಸರಿಗೆಂದೇ ಅದು 2016ರಲ್ಲಿ ಒಂದು ಸಮಿತಿ ಮಾಡಿತು. ಆ ಸಮಿತಿ ಹೆಸರು ಮಾರುವುದಿಲ್ಲ, ಬೇರೆ ಬೇರೆ ನಾಡುಗಳಲ್ಲಿ ಹಿಂದಿನಿಂದ ಬಳಕೆಯಲ್ಲಿರುವ ಹೆಸರುಗಳನ್ನು ಪರಿಶೀಲಿಸಿ ಪಟ್ಟಿಗೆ ಸೇರಿಸುತ್ತದೆ. ಹೊಸ ಹೆಸರು ಇಡುವ ಅವಕಾಶ ಬರುವುದು ಅಪರೂಪ. 2019ರಲ್ಲಿ ಪ್ರತಿ ದೇಶಕ್ಕೂ ಗ್ರಹವಿರುವ ಒಂದೊಂದು ನಕ್ಷತ್ರ ಕೊಟ್ಟಾಗ ಭಾರತದ ಪಾಲಿಗೆ `HD 86081` ಬಂತು. ಅದಕ್ಕೆ ಭೌತವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ ಬಿಭಾ ಎಂದು, ಅದನ್ನು ಸುತ್ತುವ ಗ್ರಹಕ್ಕೆ ಸಂತಮಸ ಎಂದು ಹೆಸರಾಯಿತು. ಅಂಥ ಸ್ಪರ್ಧೆ ಬಿಟ್ಟರೆ ನಕ್ಷತ್ರದ ದಾರಿ ನಿಮಗಿಲ್ಲ. ಕ್ಷುದ್ರಗ್ರಹದ ಬಾಗಿಲು ಮಾತ್ರ ಸ್ವಲ್ಪ ತೆರೆದಿದೆ.

ಪ್ರಕಾಶ್: ಇದನ್ನೆಲ್ಲ ನಾಸಾದವರು ತೀರ್ಮಾನ ಮಾಡೋದಲ್ವಾ? ಮತ್ತೆ ತೀರಿಹೋದವರ ಹೆಸರು ಮಾತ್ರ ಇಡಬಹುದು ಅಂತ ಓದಿದ ನೆನಪು.

ಸುಧೀಂದ್ರ: ಪ್ರಕಾಶ್, ನೀವು ಓದಿದ್ದು ಕುಳಿಗಳ ನಿಯಮ ಇರಬೇಕು. ಚಂದ್ರನ ಮೇಲೆ ವ್ಯಕ್ತಿಯ ಹೆಸರು ಇಡಬೇಕಾದರೆ ಅವರು ತೀರಿಕೊಂಡು ಕನಿಷ್ಠ ಮೂರು ವರ್ಷ ಆಗಿರಬೇಕು. ಕ್ಷುದ್ರಗ್ರಹಕ್ಕೆ ಆ ಕಟ್ಟಿಲ್ಲ, ಬದುಕಿರುವವರ ಹೆಸರನ್ನೂ ಇಡುತ್ತಾರೆ. ರಾಜಕಾರಣಿಗಳು, ಸೇನಾನಿಗಳಾದರೆ ಮಾತ್ರ ಅವರು ತೀರಿಕೊಂಡು ನೂರು ವರ್ಷ ಕಾಯಬೇಕು. ನಾಸಾಕ್ಕೆ ಹೆಸರಿಡುವ ಅಧಿಕಾರ ಇಲ್ಲ. ಅವರ ವಿಜ್ಞಾನಿಗಳು ನಮ್ಮ ಹಾಗೆಯೇ ಅರ್ಜಿ ಹಾಕುತ್ತಾರೆ.

ಸಾವಿತ್ರಮ್ಮ: ನಮಸ್ಕಾರ. ನನ್ನ ಮೊಮ್ಮಗ ಭರಣಿ ನಕ್ಷತ್ರ, ಎರಡನೇ ಪಾದ. ಹೆಸರು ಯಾವ ಅಕ್ಷರದಿಂದ ಇಡಬೇಕು ಅಂತ ಇಲ್ಲಿ ತಿಳಿದವರು ಹೇಳಿ.

ಸುಧೀಂದ್ರ: ಅಮ್ಮಾ, ಅದನ್ನು ನಿಮ್ಮ ಪುರೋಹಿತರನ್ನೇ ಕೇಳಿ, ಇಲ್ಲಿ ನಡೆಯುತ್ತಿರುವುದು ನಕ್ಷತ್ರಗಳಿಗೇ ಹೆಸರಿಡುವ ಮಾತು. ಆದರೆ ಮೊಮ್ಮಗನಿಗೆ ಮುಂದೆ ತೋರಿಸಲು ಒಂದು ವಿಷಯ ಹೇಳುತ್ತೇನೆ. ಮೇಷ ರಾಶಿಯಲ್ಲಿ 41 ಎಂಬ ಸಂಖ್ಯೆಯಿಂದ ಕರೆಯುತ್ತಿದ್ದ ಒಂದು ನಕ್ಷತ್ರಕ್ಕೆ 2017ರಲ್ಲಿ ಐಎಯು ಸಮಿತಿ ಭರಣಿ ಎಂಬ ಹೆಸರನ್ನೇ ಅಧಿಕೃತ ಮಾಡಿತು. ಮೀನ ರಾಶಿಯ ಒಂದಕ್ಕೆ ರೇವತಿ ಎಂದಾಯಿತು. ನಮ್ಮ ರೋಹಿಣಿಗೆ ಅಲ್ಡೆಬರಾನ್ ಎಂಬ ಅರಬ್ಬಿ ಮೂಲದ ಹೆಸರು ಮೊದಲೇ ಊರಿಬಿಟ್ಟಿದ್ದರಿಂದ ಅದೇ ಉಳಿಯಿತು.

ಸಾವಿತ್ರಮ್ಮ: ಭರಣಿ ಅಂತ ಪ್ರಪಂಚದವರೆಲ್ಲ ಕರೀತಾರಾ! ಮಗನಿಗೆ ಹೇಳ್ತೀನಿ.

ಮಂಜುಳಾ: ಸರ್, ಕ್ಷುದ್ರಗ್ರಹದ ಬಾಗಿಲು ತೆರೆದಿದೆ ಅಂದ್ರಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳಿ.

ಸುಧೀಂದ್ರ: ನಮ್ಮವರೇ ಕಂಡುಹಿಡಿದ ಒಂದನ್ನು ಇಟ್ಟುಕೊಂಡು ಹೇಳುತ್ತೇನೆ. ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯ ವೀಕ್ಷಣಾಲಯ ತಮಿಳುನಾಡಿನ ಕಾವಲೂರಿನಲ್ಲಿದೆ. ಅಲ್ಲಿ 1988ರ ಫೆಬ್ರವರಿ 17ರಂದು ಆರ್. ರಾಜಮೋಹನ್ ಅವರಿಗೆ ಒಂದು ಕ್ಷುದ್ರಗ್ರಹ ಸಿಕ್ಕಿತು. ಅದಕ್ಕೆ ಮೊದಲು ಬಂದದ್ದು `1988 DQ1` ಎಂಬ ತಾತ್ಕಾಲಿಕ ಗುರುತು. ವರ್ಷವನ್ನು ಅರ್ಧ ಅರ್ಧ ತಿಂಗಳಾಗಿ ಸೀಳಿ ಜನವರಿ ಮೊದಲ ಅರ್ಧಕ್ಕೆ `A`, ಎರಡನೆಯದಕ್ಕೆ `B` ಎಂದು ಅಕ್ಷರ ಕೊಡುತ್ತಾ ಹೋದರೆ ಫೆಬ್ರವರಿಯ ಎರಡನೇ ಅರ್ಧಕ್ಕೆ `D` ಬರುತ್ತದೆ. ಮುಂದಿನ `Q` ಆ ಅರ್ಧ ತಿಂಗಳೊಳಗಿನ ಸರದಿ. ಅಂಕಿಯ ಜೊತೆ ಗೊಂದಲ ಆಗದಿರಲೆಂದು `I` ಅನ್ನು ಬಿಡುವುದರಿಂದ `Q` ಹದಿನಾರನೆಯದು. ಕೊನೆಯ 1 ಎಂದರೆ ಇಪ್ಪತ್ತೈದು ಅಕ್ಷರಗಳ ಒಂದು ಸುತ್ತು ಆಗಲೇ ಮುಗಿದಿದೆ ಎಂದು. ಇಪ್ಪತ್ತೈದಕ್ಕೆ ಹದಿನಾರು ಸೇರಿಸಿ, ಆ ಅವಧಿಯಲ್ಲಿ ದಾಖಲಾದ ನಲವತ್ತೊಂದನೆಯ ಕಾಯ ಅದು.

ಈ ಗುರುತು ಕೊಡುವುದು ಅಮೆರಿಕದ ಕೇಂಬ್ರಿಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್. ಹೆಸರು ಈ ಹಂತದಲ್ಲಿ ಸಿಗುವುದಿಲ್ಲ. ಕೆಲವೇ ರಾತ್ರಿ ನೋಡಿ ಹಾಕಿದ ಕಕ್ಷೆಯಲ್ಲಿ ಸಣ್ಣ ತಪ್ಪು ಇದ್ದೇ ಇರುತ್ತದೆ, ದಿನ ಕಳೆದಂತೆ ಅದು ಬೆಳೆಯುತ್ತದೆ. ಮುಂದಿನ ಸಲ ನಾವು ಹೇಳಿದ ಜಾಗದಲ್ಲಿ ಕ್ಷುದ್ರಗ್ರಹ ಇರುವುದೇ ಇಲ್ಲ. ಹೀಗೆ ಕಳೆದುಹೋದವು ಬಹಳ. ಆದ್ದರಿಂದ ಅದು ಸೂರ್ಯನಿಗೆ ಎದುರಾಗಿ ಇಡೀ ರಾತ್ರಿ ಕಾಣುವ ಕಾಲ ಮತ್ತೆ ಮತ್ತೆ ಬರುವವರೆಗೂ ಕಾದು ಅಳೆಯುತ್ತೇವೆ. ಸಾಮಾನ್ಯವಾಗಿ ಇಂಥ ನಾಲ್ಕು ಸರದಿ ಬೇಕು. ಮಂಗಳ ಮತ್ತು ಗುರುವಿನ ನಡುವಿನ ಪಟ್ಟಿಯಲ್ಲಿರುವುದಾದರೆ ಒಂದು ಸರದಿಗೂ ಇನ್ನೊಂದಕ್ಕೂ ಸುಮಾರು ಹದಿನಾಲ್ಕರಿಂದ ಹದಿನೆಂಟು ತಿಂಗಳು ಹಿಡಿಯುತ್ತದೆ. ಕಕ್ಷೆ ಗಟ್ಟಿಯಾದ ಮೇಲೆ ಕಾಯಂ ಸಂಖ್ಯೆ. `1988 DQ1`ಗೆ ಸಿಕ್ಕ ಸಂಖ್ಯೆ 4130.

ಆಮೇಲೆ ಹೆಸರು. ಸಂಖ್ಯೆ ಬಿದ್ದ ದಿನದಿಂದ ಹತ್ತು ವರ್ಷ, ಹೆಸರು ಸೂಚಿಸುವ ಹಕ್ಕು ಕಂಡುಹಿಡಿದವರದು. ಸೂಚಿಸಿದ್ದನ್ನು ಸಣ್ಣ ಕಾಯಗಳ ಹೆಸರಿನ ಐಎಯು ಸಮಿತಿ ಮತಕ್ಕೆ ಹಾಕುತ್ತದೆ, ಒಪ್ಪಿದರೆ ತನ್ನ ಬುಲೆಟಿನ್‌ನಲ್ಲಿ ಪ್ರಕಟಿಸುತ್ತದೆ. ನಮ್ಮ 4130 ಈಗ ಗಣಿತಜ್ಞ ರಾಮಾನುಜನ್ ಹೆಸರಿನಲ್ಲಿದೆ.

ಫರೀದಾ: ಹಾಗಾದರೆ ನನ್ನ ಮಗಳು ಹೆಸರು ಇಡಬಹುದು ಅಲ್ವಾ ಸರ್? ಶಾಲೆಯಿಂದ ಕ್ಷುದ್ರಗ್ರಹ ಹುಡುಕುವ ಅಭಿಯಾನಕ್ಕೆ ಸೇರಿದ್ದಳು. ಹವಾಯಿಯ ದೂರದರ್ಶಕದ ಚಿತ್ರಗಳಲ್ಲಿ ಒಂದು ಚುಕ್ಕೆ ಗುರುತಿಸಿದಳು, ಪ್ರಾಥಮಿಕ ಪತ್ತೆ ಅಂತ ಸರ್ಟಿಫಿಕೇಟೂ ಬಂದಿದೆ. ಅಜ್ಜನ ಹೆಸರು ಇಡ್ತೀನಿ ಅಂತ ಕೂತಿದ್ದಾಳೆ.

ಸುಧೀಂದ್ರ: ಆ ಚುಕ್ಕೆ ಗುರುತಿಸುವುದು ಸುಲಭವಲ್ಲ, ಮಗಳಿಗೆ ನನ್ನ ಅಭಿನಂದನೆ ತಿಳಿಸಿ. ಆದರೆ ಪ್ರಾಥಮಿಕ ಪತ್ತೆ ಮೊದಲ ಮೆಟ್ಟಿಲು. ಇನ್ನೊಂದು ರಾತ್ರಿಯ ಅಳತೆ ಅದೇ ಕಾಯಕ್ಕೆ ಹೊಂದಿದರೆ ಮಾತ್ರ ತಾತ್ಕಾಲಿಕ ಗುರುತು ಸಿಗುತ್ತದೆ. ಎಷ್ಟೋ ಸಲ ಅದು ಬೇರೆಯವರು ಹಿಂದೆಯೇ ನೋಡಿದ್ದ ಕಾಯ ಎಂದು ಗೊತ್ತಾಗುತ್ತದೆ, ಆಗ ಶ್ರೇಯಸ್ಸು ಅವರಿಗೆ ಹೋಗುತ್ತದೆ. ಸರ್ಟಿಫಿಕೇಟಿನಲ್ಲಿ ವರ್ಷ ಮತ್ತು ಅಕ್ಷರಗಳ ಗುರುತು ಇದೆಯಾ ನೋಡಿ. ಇದ್ದರೆ ಮೈನರ್ ಪ್ಲಾನೆಟ್ ಸೆಂಟರ್‌ನ ಜಾಲತಾಣದಲ್ಲಿ ಅದನ್ನು ಹುಡುಕಿದರೆ ಈಗ ಯಾವ ಹಂತದಲ್ಲಿದೆ ಅಂತ ಕಾಣುತ್ತದೆ. ವರ್ಷಗಟ್ಟಲೆ ಕಾಯಬೇಕು ಎಂದು ಮಗಳಿಗೆ ಈಗಲೇ ಹೇಳಿಬಿಡಿ.

ಫರೀದಾ: ಅಕ್ಷರಗಳೇನೋ ಇವೆ, ಆದರೆ ನೀವು ಹೇಳಿದ ಹಾಗೆ ವರ್ಷ ಕಾಣ್ತಾ ಇಲ್ಲ.

ಸುಧೀಂದ್ರ: ಹಾಗಿದ್ದರೆ ಅದು ತಂಡದವರು ತಮ್ಮ ಅನುಕೂಲಕ್ಕೆ ಕೊಟ್ಟುಕೊಂಡ ಗುರುತು ಇರಬಹುದು. ಅಭಿಯಾನ ನಡೆಸಿದವರಿಗೇ ಬರೆದು ಕೇಳಿ.

ಪ್ರಕಾಶ್: ಬೆಂಗಳೂರಿನ ಹುಡುಗಿಯ ಹೆಸರು ಗ್ರಹಕ್ಕೆ ಅಂತ ಕೆಲವು ವರ್ಷದ ಹಿಂದೆ ಪೇಪರಲ್ಲಿ ಬಂದಿತ್ತು. ಅದೂ ಹೀಗೇನಾ?

ಸುಧೀಂದ್ರ: ಅದು ಗ್ರಹ ಅಲ್ಲ, ಕ್ಷುದ್ರಗ್ರಹ. ವರದಿಯಲ್ಲಿ ಆ ಭೇದ ಬಿಟ್ಟುಹೋಯಿತು. ಅಮೆರಿಕದ ಲಿನಿಯರ್ ಸಮೀಕ್ಷೆ ರಾಶಿ ರಾಶಿ ಕ್ಷುದ್ರಗ್ರಹ ಕಂಡುಹಿಡಿದಿದೆ, ಹೆಸರಿಡುವ ಹಕ್ಕೂ ಅದಕ್ಕಿದೆ. ವಿಜ್ಞಾನ ಮೇಳದಲ್ಲಿ ಗೆದ್ದ ವಿದ್ಯಾರ್ಥಿಗಳ ಹೆಸರನ್ನು ಅವಕ್ಕೆ ಇಡುತ್ತಾ ಬಂದಿದ್ದಾರೆ. ಮಂಜುಳಾ ಮೇಡಂ, ಇದು ನಿಮಗೆ ಮುಖ್ಯ: ಆ ವಿದ್ಯಾರ್ಥಿಗಳಿಗೆ ಕಲಿಸಿದ ಮೇಷ್ಟ್ರುಗಳ ಹೆಸರುಗಳೂ ಆ ಸಾಲಿನಲ್ಲಿವೆ. ಅಂದರೆ ಶಾಲಾ ಶಿಕ್ಷಕರ ಹೆಸರು ಸಮಿತಿಗೆ ಹೊಸದಲ್ಲ.

ಮಂಜುಳಾ: ಕೇಳಿ ಸಮಾಧಾನ ಆಯ್ತು ಸರ್. ಚಂದ್ರನ ಕುಳಿ ಆಗಲ್ವಾ?

ಸುಧೀಂದ್ರ: ಅದು ಬಹಳ ಕಷ್ಟ. ಕುಳಿಗೆ ಹೆಸರು ಕೊಡುವುದು ಯಾರನ್ನೋ ಗೌರವಿಸಲೆಂದು ಅಲ್ಲ, ಸಂಶೋಧಕರಿಗೆ ಆ ಜಾಗವನ್ನು ಕರೆಯುವ ಅಗತ್ಯ ಬಿದ್ದಾಗ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಮಂಗಳನ ಥಾರ್ಸಿಸ್ ಪ್ರದೇಶದ ಸುಮಾರು 65 ಕಿ.ಮೀ. ಅಗಲದ ಕುಳಿಯೊಂದನ್ನು ಅಧ್ಯಯನ ಮಾಡಿದರು. ಅದಕ್ಕೆ ಹೆಸರಿರಲಿಲ್ಲ. ಕೇಳಿಕೊಂಡಾಗ 2024ರ ಜೂನ್ 5ರಂದು ಲಾಲ್ ಎಂದು ಒಪ್ಪಿಗೆ ಸಿಕ್ಕಿತು. ದೇವೇಂದ್ರ ಲಾಲ್ ಆ ಪ್ರಯೋಗಾಲಯದ ನಿರ್ದೇಶಕರಾಗಿದ್ದವರು, 2012ರಲ್ಲಿ ತೀರಿಕೊಂಡರು. ಅದರ ಅಂಚಿನ ಮೇಲಿರುವ ಸುಮಾರು 10 ಕಿ.ಮೀ.ಯ ಎರಡು ಕುಳಿಗಳಿಗೆ ಮುರ್ಸಾನ್, ಹಿಲ್ಸಾ ಎಂದು ಉತ್ತರ ಪ್ರದೇಶದ ಮತ್ತು ಬಿಹಾರದ ಪಟ್ಟಣಗಳ ಹೆಸರು ಬಂತು. ಮಂಗಳನಲ್ಲಿ ದೊಡ್ಡ ಕುಳಿಗೆ ವಿಜ್ಞಾನಿಗಳ ಹೆಸರಿಟ್ಟರೆ, ಸಣ್ಣದಕ್ಕೆ ಸುಮಾರು ಒಂದು ಲಕ್ಷದೊಳಗೆ ಜನಸಂಖ್ಯೆ ಇರುವ ಊರಿನ ಹೆಸರಿಡುವ ರೂಢಿ ಇದೆ.

ಪ್ರಕಾಶ್: ಹಾಗಾದರೆ ಚಂದ್ರಯಾನ-3 ಇಳಿದ ಶಿವಶಕ್ತಿ ಪಾಯಿಂಟ್? ಪ್ರಧಾನಿಯವರೇ ಹೇಳಿದ ಮೇಲೆ ಮತ್ತೆ ಒಪ್ಪಿಗೆ ಯಾಕೆ?

ಸುಧೀಂದ್ರ: 2023ರ ಆಗಸ್ಟ್ 26ರಂದು ಬೆಂಗಳೂರಿನಲ್ಲಿ ಆದದ್ದು ಘೋಷಣೆ. ಐಎಯು ಒಪ್ಪಿದ್ದು 2024ರ ಮಾರ್ಚ್ 19ಕ್ಕೆ. ಪಟ್ಟಿಯಲ್ಲಿ `Statio Shiv Shakti` ಎಂದಿದೆ. ಯಾವ ದೇಶ ಘೋಷಿಸಿದರೂ ಪಟ್ಟಿಗೆ ಸೇರಿದ ಮೇಲೆಯೇ ಎಲ್ಲರ ನಕ್ಷೆಗೂ ಹೋಗುವುದು.

ಪ್ರಕಾಶ್: ಧಾರ್ಮಿಕ ಹೆಸರು ಇಡಬಾರದು ಅಂತ ಅವರದೇ ನಿಯಮ ಇದೆಯಲ್ಲ?

ಸುಧೀಂದ್ರ: ಇದೆ. ಪಟ್ಟಿಯಲ್ಲಿ ಆ ಹೆಸರಿನ ಮೂಲ ಭಾರತೀಯ ಪುರಾಣ ಎಂದು ಬರೆದಿದ್ದಾರೆ. ಪುರಾಣದ ಹೆಸರುಗಳು ಸೌರಮಂಡಲದ ತುಂಬ ಇವೆ. ಆದರೆ ಜನ ಇಂದಿಗೂ ಪೂಜಿಸುವ ದೇವರ ಹೆಸರನ್ನು ಪುರಾಣ ಎನ್ನಬೇಕೋ ಧರ್ಮ ಎನ್ನಬೇಕೋ ಎಂಬುದರಲ್ಲಿ ನನ್ನ ಸಹೋದ್ಯೋಗಿಗಳಲ್ಲೇ ಒಮ್ಮತವಿಲ್ಲ. ನನಗೆ ಆ ಹೆಸರು ಇರಲಿ ಅನ್ನಿಸುತ್ತದೆ, ನಿಯಮದ ಮಾತು ಮಾತ್ರ ಇನ್ನೂ ಸ್ಪಷ್ಟವಾಗಬೇಕು.

ಮಂಜುಳಾ: ಸರ್, ಕ್ಷುದ್ರಗ್ರಹಕ್ಕೇ ಪ್ರಯತ್ನ ಮಾಡ್ತೀವಿ. ಮೇಷ್ಟ್ರ ಪೂರ್ತಿ ಹೆಸರು ಇಡಬಹುದಾ? ದುಡ್ಡು ಎಷ್ಟು ಬೇಕು?

ಸುಧೀಂದ್ರ: ದುಡ್ಡು ಬೇಡವೇ ಬೇಡ, ಯಾರಾದರೂ ಕೇಳಿದರೆ ಅಲ್ಲಿಂದ ಎದ್ದುಬನ್ನಿ. ಹೆಸರು ಇಂಗ್ಲಿಷ್ ಲಿಪಿಯಲ್ಲಿ ಜಾಗ ಸೇರಿ ಹದಿನಾರು ಅಕ್ಷರದೊಳಗೆ ಇರಬೇಕು, ಒಂದೇ ಪದವಾದರೆ ಒಳ್ಳೆಯದು. `Venkatasubbaiah` ಹದಿನೈದಾಯಿತು, ಸರಿಹೋಗುತ್ತದೆ. ಹಿಂದೆ ಇನಿಶಿಯಲ್, ಮುಂದೆ ಮೇಷ್ಟ್ರು ಎಂದು ಸೇರಿಸಿದರೆ ಮೀರುತ್ತದೆ. ಈಗಾಗಲೇ ಇರುವ ಹೆಸರಿಗೆ ತೀರಾ ಹತ್ತಿರ ಇರಬಾರದು, ಆದ್ದರಿಂದ ಪಟ್ಟಿ ನೋಡಿಕೊಳ್ಳಿ.

ಜೊತೆಗೆ ಅವರು ಯಾರು ಎಂದು ಎರಡು ಮೂರು ಸಾಲಿನ ಟಿಪ್ಪಣಿ ಬೇಕು. ಅದರಲ್ಲಿ ಆದರ್ಶ ಶಿಕ್ಷಕ, ಸರಳ ಜೀವಿ ಅಂತ ಬರೆಯಬೇಡಿ, ಅದು ಸಮಿತಿಗೆ ಏನನ್ನೂ ಹೇಳುವುದಿಲ್ಲ. ಯಾವ ಊರು, ಎಷ್ಟು ವರ್ಷ ಕಲಿಸಿದರು, ಆಕಾಶಕ್ಕೂ ಅವರಿಗೂ ಏನು ನಂಟು ಅಂತ ಬರೆಯಿರಿ.

ಅದನ್ನು ನೀವೇ ಸಮಿತಿಗೆ ಕಳಿಸಿದರೆ ನಡೆಯುವುದು ಕಷ್ಟ. ಹೆಸರಿಡದೆ ಉಳಿದ ಕ್ಷುದ್ರಗ್ರಹ ಯಾರ ಬಳಿ ಇದೆಯೋ ಅಂಥ ಖಗೋಳಜ್ಞರ ಮೂಲಕ ಹೋಗಬೇಕು. ಸಂಖ್ಯೆ ಬಿದ್ದವು ಎಂಟು ಲಕ್ಷಕ್ಕೂ ಹೆಚ್ಚಿವೆ, ಹೆಸರು ಸಿಕ್ಕಿರುವುದು ಅದರಲ್ಲಿ ಶೇಕಡಾ ಮೂರರ ಆಸುಪಾಸು. ಕ್ಷುದ್ರಗ್ರಹಕ್ಕೆ ಬರವಿಲ್ಲ, ಆದರೆ ಕಂಡುಹಿಡಿದವರು ಒಪ್ಪಬೇಕು. ಒಪ್ಪುತ್ತಾರೆ ಎಂದು ನಾನು ಮಾತು ಕೊಡಲಾರೆ.

ಮಂಜುಳಾ: ಮೇಷ್ಟ್ರು ಹ್ಯಾಲಿ ಧೂಮಕೇತು ಬಂದಾಗ ನಮ್ಮನ್ನೆಲ್ಲ ಬೆಳಗಿನ ಜಾವ ಕೆರೆ ಏರಿ ಮೇಲೆ ಕರ್ಕೊಂಡು ಹೋಗಿದ್ದರು. ಅದನ್ನ ಬರೆಯಬಹುದಾ?

ಸುಧೀಂದ್ರ: ಅದನ್ನೇ ಮೊದಲ ಸಾಲಿಗೆ ಹಾಕಿ. 1986 ಎಂದು ಇಸವಿಯೂ ಇರಲಿ. ಕರಡು ಬರೆದು ನನಗೆ ಕಳಿಸಿ, ತಿದ್ದಿಕೊಡುತ್ತೇನೆ.